ಬಿಗಿ ಟೈಟ್ಸ್ ಮತ್ತು ಕಾಲುನೋವು: ಸತ್ಯಾಂಶ

“ಕಂಪ್ರೆಷನ್ ಟೈಟ್ಸ್ ಹಾಕಿದ್ರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತೆ, ಮರುದಿನ ಕಾಲು ನೋಯಲ್ಲ ಅಂತ ಮೆಸೇಜ್ ಬಂದಿದೆ. ನಿಜಾನಾ?”

ಇಲ್ಲ. ಓಟದಲ್ಲಿ ಏರಿದ ಲ್ಯಾಕ್ಟಿಕ್ ಆಸಿಡ್, ಅಂದರೆ ಲ್ಯಾಕ್ಟೇಟ್, ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಮಡಿಕೇರಿಯ ಇಳಿಜಾರಿನಲ್ಲಿ ಓಡಿದವರ ತೊಡೆ ಮರುದಿನ, ಅದರಾಚೆಯ ದಿನ ಹಿಡಿದುಕೊಳ್ಳುವುದಕ್ಕೆ ಕಾರಣ ಬೇರೆ: ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಅದರ ಎಳೆಗಳಿಗೆ ಸಣ್ಣ ಪೆಟ್ಟಾಗುತ್ತದೆ. ಟೈಟ್ಸ್ ಆ ನೋವನ್ನು ಸ್ವಲ್ಪ ತಗ್ಗಿಸಬಹುದು, ಅಷ್ಟೇ. ಓಟದ ವೇಗ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ನಿಜವಾದ ಲಾಭ ಇರುವುದು ಅಂಗಡಿಯಲ್ಲೋ ಹೋಮ್‌ಸ್ಟೇ ಅಡುಗೆಮನೆಯಲ್ಲೋ ದಿನವಿಡೀ ನಿಲ್ಲುವವರಿಗೆ. ಹರಡಿನ ಬಳಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ ಇರುವ, 15–20 ಮಿಲಿಮೀಟರ್ ಪಾದರಸ ಒತ್ತಡದ ಮೊಣಕಾಲುದ್ದದ ಕಾಲುಚೀಲ ಸಂಜೆಯ ಊತ ಕಡಿಮೆ ಮಾಡುತ್ತದೆ. ಪೊಟ್ಟಣದ ಮೇಲೆ ಒತ್ತಡದ ಅಂಕಿ ಇಲ್ಲದಿದ್ದರೆ ಅದು ಬರೀ ಬಿಗಿ ಬಟ್ಟೆ ಇರಬಹುದು.

ನೀವೇ ಪರೀಕ್ಷಿಸಿ. ಬೆಳಿಗ್ಗೆ ಎದ್ದ ಕೂಡಲೇ, ಊತ ಬರುವ ಮೊದಲು, ಒಂದೇ ಕಾಲಿಗೆ ಹಾಕಿ. ಎರಡೂ ಹರಡುಗಳ ಮೇಲಿನ ಸುತ್ತಳತೆಯನ್ನು ಟೈಲರ್ ಟೇಪಿನಿಂದ ಬೆಳಿಗ್ಗೆ, ಸಂಜೆ ಅಳೆಯಿರಿ. ಜಾಗಕ್ಕೆ ಪೆನ್ನಿನ ಗುರುತಿರಲಿ. ಮರುದಿನ ಕಾಲು ಬದಲಿಸಿ. ಮೇಲಂಚು ಸುರುಳಿಯಾದರೆ ಬಿಚ್ಚಿ ಸರಿಮಾಡಿ, ಅದು ಹಗ್ಗದಂತೆ ಕಟ್ಟಿಬಿಡುತ್ತದೆ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟುವವರು, ಕಾಲಿನ ರಕ್ತನಾಳ ಕಿರಿದಾದವರು ವೈದ್ಯರನ್ನು ಕೇಳದೆ ಹಾಕಬಾರದು. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ಕಾಲುಚೀಲ ಹುಡುಕದೆ ಅಂದೇ ಆಸ್ಪತ್ರೆಗೆ ಹೋಗಿ.