ತಣ್ಣನೆಯ ಬದಿ ಮತ್ತು ಬಿಸಿ ರಾಜಕೀಯ

ಪೆಲ್ಟಿಯರ್ ಮಾಡ್ಯೂಲ್ ನೋಡೋಕೆ ಬಹಳ ಸಾಧು ವಸ್ತು. ನಾಲ್ಕು ಸೆಂಟಿಮೀಟರ್ ಚೌಕದ ಬಿಳಿ ಬಿಲ್ಲೆ, ನಾಲ್ಕು ಮಿಲಿಮೀಟರ್‌ಗೂ ಕಡಿಮೆ ದಪ್ಪ, ಒಂದು ಕೆಂಪು ವೈರು, ಒಂದು ಕಪ್ಪು ವೈರು. ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಸದ್ದಿಲ್ಲ, ಗ್ಯಾಸ್ ಇಲ್ಲ, ಕಂಪ್ರೆಸರ್ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಬಹುತೇಕ TEC1-12706 ಎಂದು ಬರೆದಿರುವುದನ್ನೇ ಕೊಡುತ್ತಾರೆ. 127 ಅಂದರೆ ಒಳಗಿರುವ ಅರೆವಾಹಕ ಜೋಡಿಗಳು, 06 ಅಂದರೆ ಸುಮಾರು ಆರು ಆಂಪಿಯರ್ ತನಕ ತಿನ್ನುತ್ತದೆ ಎಂದು.

ಇದರ ಹಿಂದಿನ ತತ್ವ ಕಂಡುಹಿಡಿದದ್ದು ಫ್ರಾನ್ಸಿನ ಜ್ಯಾನ್ ಪೆಲ್ಟಿಯರ್, 1834ರಲ್ಲಿ. ಆತ ಮೊದಲು ಗಡಿಯಾರ ಮಾಡುತ್ತಿದ್ದವನು. ನಾಲ್ಕು ವರ್ಷದ ನಂತರ ಲೆನ್ಸ್ ಎಂಬ ವಿಜ್ಞಾನಿ ಇದೇ ತತ್ವದಿಂದ ಒಂದು ಹನಿ ನೀರನ್ನು ಹೆಪ್ಪುಗಟ್ಟಿಸಿ ತೋರಿಸಿದ. ಒಂದು ಹನಿ! ಆ ಅಳತೆಯನ್ನು ನಮ್ಮ ಮನೆಯವರು ಆಮೇಲೆ ಬಹಳ ಸಲ ನೆನಪಿಸಿದರು.

ನಮ್ಮ ಮನೆಯ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿಗೆ ಜಾಗ ಇದೆ, ಮೂರು ಬಗೆಯ ಚಟ್ನಿಪುಡಿಗೂ ಜಾಗ ಇದೆ. ನನ್ನ ಮಜ್ಜಿಗೆ ಬಾಟಲಿಗೆ ಮಾತ್ರ ಇಲ್ಲ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಒಂದು ಥರ್ಮಾಕೋಲ್ ಡಬ್ಬಿ, ಬಿಸಿ ಬದಿಯ ಶಾಖವನ್ನು ಗಾಳಿಗೆ ಬಿಡಲು ಹಳೆಯ ಆಂಪ್ಲಿಫೈಯರ್‌ನಿಂದ ಬಿಚ್ಚಿದ ಅಲ್ಯೂಮಿನಿಯಂ ಹೀಟ್‌ಸಿಂಕ್, 12 ವೋಲ್ಟ್‌ನ ಪವರ್ ಸಪ್ಲೈ, ಒಳಗೆ ಸಣ್ಣ ಸಿಂಕ್ ಮತ್ತು ಫ್ಯಾನ್, ಇಷ್ಟು ಸೇರಿಸಿ ಮಿನಿ ಕೂಲರ್ ಎದ್ದು ನಿಂತಿತು.

ಸ್ವಿಚ್ ಹಾಕಿದ ಒಂದು ನಿಮಿಷದಲ್ಲೇ ತಣ್ಣನೆಯ ಬದಿ ಬೆರಳಿಗೆ ಚುರುಕು ಮುಟ್ಟಿಸಿತು. ಪ್ಲೇಟಿನ ಮೇಲೆ ತೇವ ಮೂಡಿತು. “ಬನ್ರೋ, ಬನ್ನಿ” ಎಂದು ಎಲ್ಲರನ್ನೂ ಕರೆದೆ. ಅಮ್ಮ ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು, ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಪ್ಲೇಟು ಉಗುರುಬೆಚ್ಚಗಾಗಿತ್ತು.

“ಇದು ಹಾಲು ಕಾಯಿಸೋದಕ್ಕಾ?” ಅಂದರು.

ಇದು ನಮ್ಮ ಮನೆಯ ಡಬ್ಬಿಗೆ ಮಾತ್ರ ಬರುವ ಕಾಯಿಲೆ ಅಲ್ಲ. ಮೊದಲು ಚೆನ್ನಾಗಿ ತಣ್ಣಗಾಗಿ, ಆಮೇಲೆ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ, ಬಿಸಿ ಬದಿಯ ಶಾಖ ಹೊರಗೆ ಹೋಗುತ್ತಿಲ್ಲ ಎಂದೇ ಅರ್ಥ. ಮಾಡ್ಯೂಲ್ ಕೆಟ್ಟಿದೆ ಅಂತ ಅಂಗಡಿಗೆ ಓಡುವ ಮೊದಲು ನೋಡಬೇಕಾದ್ದು ಇದನ್ನು. ಆ ಸಿಂಕ್ ಸುಮಾರು 300 ಗ್ರಾಂ ಇತ್ತು. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು 270 ಜೂಲ್ ಸಾಕು. ಅದಕ್ಕೆ ಸೆಕೆಂಡಿಗೆ 70 ಜೂಲ್ ಸುರಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 15 ಡಿಗ್ರಿ ಏರುತ್ತದೆ. ಮೊದಲ ನಿಮಿಷದ ವೈಭವವೆಲ್ಲ ಆ ಲೋಹ ಇನ್ನೂ ತಣ್ಣಗಿತ್ತು ಅನ್ನುವುದಕ್ಕೆ ಬಂದದ್ದು.

ಆದರೆ 70 ಜೂಲ್ ಎಲ್ಲಿಂದ ಬಂತು? ಡಬ್ಬಿಯ ಒಳಗೆ ಅಷ್ಟು ಶಾಖವೇ ಇಲ್ಲವಲ್ಲ. ಲೆಕ್ಕದ ಗಮ್ಮತ್ತು ಇರುವುದೇ ಇಲ್ಲಿ. ಒಂದು ಒಳ್ಳೆಯ ದಿನದ ಲೆಕ್ಕ ಹಾಕೋಣ: ತಣ್ಣನೆಯ ಮುಖ 10 ಡಿಗ್ರಿ, ಬಿಸಿ ಮುಖ 50 ಡಿಗ್ರಿ, ಕರೆಂಟ್ ನಾಲ್ಕೂವರೆ ಆಂಪಿಯರ್. ಮಾಡ್ಯೂಲ್ ತಣ್ಣನೆಯ ಬದಿಯಿಂದ ಸುಮಾರು 64 ವಾಟ್ ಶಾಖ ಎತ್ತುತ್ತದೆ. ಕೇಳೋಕೆ ಭರ್ಜರಿಯಾಗಿದೆ. ಆದರೆ ಕರೆಂಟ್ ಹರಿಯುವಾಗ ಅದರ ಹೊಟ್ಟೆಯಲ್ಲೇ ಶಾಖ ಹುಟ್ಟುತ್ತದೆ. ಅದರಲ್ಲಿ ಅರ್ಧ, ಅಂದರೆ 22 ವಾಟ್, ತಣ್ಣನೆಯ ಬದಿಗೇ ವಾಪಸ್ಸು. ಇನ್ನು ಬಿಸಿ ಮುಖಕ್ಕೂ ತಣ್ಣನೆಯ ಮುಖಕ್ಕೂ ನಡುವೆ ಇರುವುದು ಕೆಲವೇ ಮಿಲಿಮೀಟರ್. ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಅರ್ಧ ವಾಟ್‌ನಂತೆ, 40 ಡಿಗ್ರಿಗೆ 20 ವಾಟ್ ಹಿಂದಕ್ಕೆ ಸೋರುತ್ತದೆ. ಕೊನೆಗೆ ಕೈಗೆ ಸಿಗುವುದು 22 ವಾಟ್. ಇದಕ್ಕೆ ನಾವು ಕೊಟ್ಟ ವಿದ್ಯುತ್ತು 54 ವಾಟ್. ಅದೂ ಬಿಸಿ ಬದಿಗೇ ಬಂದು ಬೀಳುತ್ತದೆ. ಒಟ್ಟು 76.

ಮನೆಯ ಕಸ ಹೊರಗೆ ಹಾಕಲು ಒಬ್ಬನನ್ನು ಕರೆದಿದ್ದೀರಿ ಅಂದುಕೊಳ್ಳಿ. ಅವನು ಒಳಗಿನ ಒಂದು ಬುಟ್ಟಿ ಕಸ ಹೊರಗೆ ಹಾಕುತ್ತಾನೆ, ಜೊತೆಗೆ ತನ್ನದೇ ಎರಡೂವರೆ ಬುಟ್ಟಿಯನ್ನು ನಿಮ್ಮ ಬಾಗಿಲಲ್ಲೇ ಸುರಿಯುತ್ತಾನೆ. ಬಾಗಿಲು ಗುಡಿಸುವವರು ಇಲ್ಲದಿದ್ದರೆ ಗಾಳಿಗೆ ಎಲ್ಲ ಮತ್ತೆ ಒಳಗೇ. ಹೀಟ್‌ಸಿಂಕ್ ಅಂದರೆ ಆ ಬಾಗಿಲು ಗುಡಿಸುವವರು.

ನನ್ನ ಆಂಪ್ಲಿಫೈಯರ್ ಸಿಂಕ್‌ಗೆ ಫ್ಯಾನ್ ಇರಲಿಲ್ಲ. ಆ ಜಾತಿಯ ಸಿಂಕ್ ಪ್ರತಿ ವಾಟ್‌ಗೆ ಎರಡು ಡಿಗ್ರಿಯಷ್ಟು ಏರುತ್ತದೆ. 76 ವಾಟ್‌ಗೆ ಕೋಣೆಯ ಬಿಸಿಗಿಂತ 150 ಡಿಗ್ರಿ ಮೇಲೆ! ಅಲ್ಲಿಗೆ ಹೋಗುವ ಮೊದಲೇ ಮಾಡ್ಯೂಲಿನ ಒಳಗಿನ ಬೆಸುಗೆ ಕರಗುತ್ತದೆ. ಇಂಥ ಬಿಲ್ಲೆಗಳ ಮಿತಿ ಸಾಮಾನ್ಯವಾಗಿ 138 ಡಿಗ್ರಿ. ಸಿಂಕೇ ಇಲ್ಲದೆ “ಸುಮ್ನೆ ಒಂದ್ಸಲ ನೋಡೋಣ” ಅಂತ 12 ವೋಲ್ಟ್ ಮುಟ್ಟಿಸಿದವರ ಬಿಲ್ಲೆ ಕೆಲವೇ ಸೆಕೆಂಡಿನಲ್ಲಿ ಸ್ವರ್ಗಸ್ಥವಾಗುವುದು ಇದೇ ಕಾರಣಕ್ಕೆ.

ಈ ಹಂತದಲ್ಲಿ ಮೇಲಿನ ಮನೆಯ ರಾಯರು ಪ್ರವೇಶ ಮಾಡಿದರು. ನಮ್ಮ ಮನೆಯಲ್ಲಿ ಸ್ಕ್ರೂಡ್ರೈವರ್ ಸದ್ದಾದರೆ ಅವರಿಗೆ ಕೇಳಿಸುತ್ತದೆ.

“ಒಂದು ಸಾಲಲ್ಲ ಅಂದ್ರೆ ಎರಡು ಹಾಕಯ್ಯಾ. ಇಲ್ಲಾ ವೋಲ್ಟೇಜ್ ಏರಿಸು.”

ಎರಡೂ ಸಲಹೆ ನ್ಯಾಯವಾಗಿಯೇ ಕಾಣುತ್ತವೆ, ಅಲ್ವಾ? ಅದೇ ಸಿಂಕಿನ ಮೇಲೆ ಇನ್ನೊಂದು ಬಿಲ್ಲೆ ಕೂರಿಸಿದರೆ ಬಾಗಿಲಲ್ಲಿ ಕಸ ಎರಡು ಪಟ್ಟು, ಗುಡಿಸುವವರು ಮಾತ್ರ ಅಷ್ಟೇ ಜನ. ವೋಲ್ಟೇಜ್ ವಿಷಯ ಇನ್ನೂ ಸೂಕ್ಷ್ಮ. ಎತ್ತುವ ಶಾಖ ಕರೆಂಟಿನ ಜೊತೆ ನೇರವಾಗಿ ಹೆಚ್ಚುತ್ತದೆ. ಹೊಟ್ಟೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಹೆಚ್ಚುತ್ತದೆ. ಕರೆಂಟ್ ದುಪ್ಪಟ್ಟಾದರೆ ಎತ್ತುವುದು ದುಪ್ಪಟ್ಟು, ಹುಟ್ಟುವುದು ನಾಲ್ಕು ಪಟ್ಟು. ಸ್ವಲ್ಪ ಹೊತ್ತಿಗೆ ಎರಡನೆಯದು ಮೊದಲನೆಯದನ್ನು ನುಂಗಿಹಾಕುತ್ತದೆ.

ರಾಯರಿಗೆ ತೋರಿಸೋಣ ಎಂದು ಹಳೆ ಸಿಂಕ್‌ಗೆ ಒಂದು ಸಾಧಾರಣ ಫ್ಯಾನ್ ಕಟ್ಟಿ, ವೋಲ್ಟೇಜನ್ನು 12ರಿಂದ 9ಕ್ಕೆ ಇಳಿಸಿದೆ. ಡಬ್ಬಿ ಮೊದಲಿಗಿಂತ ತಣ್ಣಗಾಯಿತು. ರಾಯರು ಮೀಟರ್ ಕೆಟ್ಟಿದೆ ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದರು. ಮೀಟರ್ ಸರಿಯಾಗಿಯೇ ಇತ್ತು. ಸಿಂಕ್ ದುರ್ಬಲವಾಗಿದ್ದರೆ ಕಡಿಮೆ ಕೊಟ್ಟಷ್ಟೂ, ಒಂದು ಮಿತಿಯ ತನಕ, ಜಾಸ್ತಿ ತಂಪು ಸಿಗುತ್ತದೆ.

ನಿಜವಾದ ಪರಿಹಾರ ಬಂದದ್ದು ಒಂದು ಹಳೆಯ ಕಂಪ್ಯೂಟರಿನ ಹೊಟ್ಟೆಯಿಂದ. ತಾಮ್ರದ ಹೀಟ್‌ಪೈಪ್, ತೆಳ್ಳನೆಯ ಹಾಳೆಗಳ ರಾಶಿ, ಅಂಗೈ ಅಗಲದ ಫ್ಯಾನ್ ಇರುವ ಸಿಪಿಯು ಕೂಲರ್. ಅದು ಪ್ರತಿ ವಾಟ್‌ಗೆ ಏರುವುದು ಸುಮಾರು 0.3 ಡಿಗ್ರಿ. 76 ವಾಟ್‌ಗೆ 23 ಡಿಗ್ರಿ. 30 ಡಿಗ್ರಿಯ ಕೋಣೆಯಲ್ಲಿ ಬಿಸಿ ಮುಖ 53ಕ್ಕೆ ನಿಂತುಬಿಡುತ್ತದೆ. ಬಿಲ್ಲೆ ಅದೇ, ಡಬ್ಬಿ ಅದೇ, ಈಗ ಪ್ಲೇಟಿನ ಮೇಲೆ ಮಂಜಿನ ಪುಡಿ ಕೂರುವ ಲಕ್ಷಣ. ಈ ಕೂಲರ್ ಇದ್ದಾಗ 12 ವೋಲ್ಟ್ ಕೊಟ್ಟರೆ 9ಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು ತಂಪೇನೋ ಸಿಗುತ್ತದೆ. ಆದರೆ ಆ ಎರಡು ಮೂರು ಡಿಗ್ರಿಗೆ ವಿದ್ಯುತ್ತು ಹತ್ತಿರ ಹತ್ತಿರ ದುಪ್ಪಟ್ಟು. ನಾನು 9ರಲ್ಲೇ ಬಿಟ್ಟೆ.

ಕೂಡಿಸುವಾಗ ಎರಡು ಕಡೆ ಮೋಸ ನಡೆಯುತ್ತದೆ. ಬಿಲ್ಲೆಗೂ ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಹಳ ತೆಳ್ಳಗಿರಬೇಕು. ಗಾಳಿ ಕೂರುವ ಸಣ್ಣ ಸಂದು ತುಂಬುವುದಷ್ಟೇ ಅದರ ಕೆಲಸ. ಹೋಳಿಗೆಗೆ ತುಪ್ಪ ಹಾಕುವ ಕೈಯಿಂದ ಹಾಕಿದರೆ ಅದೇ ಅಡ್ಡಗೋಡೆ. ಇನ್ನೊಂದು, ಎರಡು ಸಿಂಕ್‌ಗಳನ್ನು ಒತ್ತಿ ಹಿಡಿಯುವ ಸ್ಕ್ರೂ. ಅದು ಕಬ್ಬಿಣದ್ದಾಗಿದ್ದು ನೈಲಾನ್ ವಾಷರ್ ಇಲ್ಲದಿದ್ದರೆ ಬಿಸಿ ಬದಿಯ ಶಾಖ ಅದರ ಮೂಲಕವೇ ತಣ್ಣನೆಯ ಬದಿಗೆ ಹೋಗಿ ಬರುತ್ತಿರುತ್ತದೆ, ಬಿಲ್ಲೆಗೆ ಗೊತ್ತೇ ಆಗದ ಹಾಗೆ.

ಎಲ್ಲ ಸರಿಹೋಯಿತು ಅನ್ನುವಾಗ ಒಂದು ಮಧ್ಯಾಹ್ನ ಮಜ್ಜಿಗೆ ಬೆಚ್ಚಗಿತ್ತು. ಫ್ಯಾನ್ ತಿರುಗುತ್ತಿದೆ, ಕರೆಂಟ್ ಸರಿ ಇದೆ. ಇಂಥ ಹೊತ್ತಿನಲ್ಲಿ ಎಲ್ಲರೂ ತಣ್ಣನೆಯ ಬದಿಗೆ ಥರ್ಮಾಮೀಟರ್ ಹಿಡಿಯುತ್ತಾರೆ. ರೋಗ ಇರುವುದು ಬಿಸಿ ಬದಿಯಲ್ಲಿ. ಅಲ್ಲಿ ಹಿಡಿದರೆ 80 ಡಿಗ್ರಿಯ ಹತ್ತಿರ. ಹಿಂದೆ ಹೋಗಿ ನೋಡಿದರೆ ಕೂಲರಿನ ಮೇಲೆ ಕ್ರೋಷಾ ಹೆಣೆದ ಬಟ್ಟೆ ಹೊದಿಸಿದೆ.

“ನೆಂಟರು ಬರ್ತಾರೆ ರೀ. ಆ ವೈರು, ತಗಡು ಎಲ್ಲ ಕಾಣ್ತಿತ್ತು,” ಅಂದಳು ಹೆಂಡತಿ.

ಟಿವಿ, ಮಿಕ್ಸಿ, ಫ್ರಿಜ್ಜು ಎಲ್ಲಕ್ಕೂ ಉಡುಪು ಹೊಲಿದಿರುವ ಮನೆಯಲ್ಲಿ ಇದೊಂದು ಬರಿಮೈಯಲ್ಲಿ ನಿಲ್ಲುವುದು ಅವಳಿಗೆ ಸರಿ ಕಂಡಿರಲಿಲ್ಲ. ಬಟ್ಟೆ ತೆಗೆದರೂ ಪೂರ್ತಿ ಸರಿಹೋಗಲಿಲ್ಲ. ಡಬ್ಬಿ ಗೋಡೆಗೆ ಅಂಟಿಕೊಂಡಿತ್ತು. ಫ್ಯಾನ್ ಊದಿದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಫ್ಯಾನ್ ಬಾಯಿಗೇ ಬರುತ್ತಿತ್ತು. ಫ್ಯಾನಿನ ಪಾಲಿಗೆ ಕೋಣೆ 30 ಅಲ್ಲ, 40 ಡಿಗ್ರಿ. ಗೇಣು ಮುಂದಕ್ಕೆ ಎಳೆದೆ. ಹಾಗೆ ನೋಡಿದರೆ ದೊಡ್ಡ ಫ್ರಿಜ್ಜನ್ನೂ ಗೋಡೆಯಿಂದ ಸ್ವಲ್ಪ ಈಚೆಗಿಡಿ ಅನ್ನುವುದು ಇದಕ್ಕೇ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಡಬ್ಬಿಯ ಗೋಡೆಯಿಂದ ಒಳಗೆ ನುಸುಳುವ ಶಾಖವೇ ಸುಮಾರು 10 ವಾಟ್. ಅದು ಕಳೆದು ಮಜ್ಜಿಗೆಗೆ ಉಳಿಯುವುದು ಇನ್ನೊಂದು 10 ವಾಟ್ ಇರಬಹುದು. ಅರ್ಧ ಲೀಟರನ್ನು 30ರಿಂದ 15 ಡಿಗ್ರಿಗೆ ಇಳಿಸಲು 31 ಸಾವಿರ ಜೂಲ್ ತೆಗೆಯಬೇಕು. ಹತ್ತಿರ ಹತ್ತಿರ ಒಂದು ಗಂಟೆ. ಬಾಯಾರಿದವನು ಗಂಟೆ ಮುಂಚೆಯೇ ಬಾಯಾರಿಕೆಯ ಅರ್ಜಿ ಹಾಕಬೇಕು. ನಡುವೆ ಕರೆಂಟ್ ಹೋದರೆ ಇನ್ನೊಂದು ಕಥೆ. ಬಿಸಿ ಸಿಂಕಿನಲ್ಲಿದ್ದ ಶಾಖ ಅದೇ ಬಿಲ್ಲೆಯ ಮೂಲಕ ನೆಟ್ಟಗೆ ಒಳಗೆ ಇಳಿಯುತ್ತದೆ. ಥರ್ಮಾಕೋಲ್ ಡಬ್ಬಿಗೆ ಅಲ್ಯೂಮಿನಿಯಂ ಕಿಟಕಿ ಕೊರೆದಂತಾಯಿತಲ್ಲ!

ರಾಯರಿಗೆ ಮಾತ್ರ ಇದರ ಮೇಲೆ ಕಣ್ಣು ಬಿದ್ದಿತ್ತು. ಒಂದು ಸಂಜೆ ಸೆಕೆಗೆ ಬೆವರುತ್ತಾ ಬಂದು, “ಇವತ್ತು ರಾತ್ರಿ ನನ್ನ ರೂಮಲ್ಲಿ ಮುಚ್ಚಳ ತೆಗೆದು ಇಟ್ಕೋತೀನಿ, ರೂಮೆಲ್ಲ ತಣ್ಣಗಾಗ್ಲಿ,” ಅಂದರು.

“ಬೇಡಿ ರಾಯರೇ. ಮುಂದೆ ಎಷ್ಟು ತಂಪೋ ಹಿಂದೆ ಅದರ ಮೂರು ಪಟ್ಟು ಬಿಸಿ. ರೂಮು ಇನ್ನೂ ಕಾಯುತ್ತೆ.”

“ನಾನು ಮುಂದಿನ ಬದೀಲೇ ಮಲಗ್ತೀನಲ್ಲಪ್ಪ.”

ಬೆಳಿಗ್ಗೆ ಡಬ್ಬಿ ಹೊತ್ತುಕೊಂಡು ಇಳಿದು ಬಂದರು. ಕಣ್ಣು ಕೆಂಪಗಿತ್ತು. ಕಾಫಿ ಮುಗಿಯುವ ತನಕ ಮಾತಿಲ್ಲ. ಆಮೇಲೆ ಕೇಳಿದರು:

“ಅಲ್ಲಯ್ಯಾ, ಈ ಹಿಂದಿನ ಬದೀನ ಕಿಟಕಿಯಿಂದ ಆಚೆಗೆ ಹಾಕಿದ್ರೆ ಆಗಲ್ವಾ?”

“ಆಗುತ್ತೆ ರಾಯರೇ. ಅಂಗಡೀಲಿ ಅದನ್ನ ಏಸಿ ಅಂತ ಮಾರ್ತಾರೆ.”