ಹಾಲುಣಿಸುವಾಗ 1200 ಕ್ಯಾಲರಿ ಡಯಟ್ ಬೇಡ

ಮಗಳಿಗೆ ಎರಡು ತಿಂಗಳು ತುಂಬಿದಾಗ ನನ್ನ ತೂಕ 68 ಕೆಜಿ. ಬಸುರಿಯಾಗುವ ಮುಂಚೆ 56 ಇತ್ತು. ಮೊಬೈಲಿನ ಆ್ಯಪ್ ಒಂದು ದಿನಕ್ಕೆ 1200 ಕ್ಯಾಲರಿ ಸಾಕು ಅಂದಿತು, ನಾನು ನಂಬಿದೆ. ಹಾಲುಣಿಸುತ್ತಿದ್ದೇನೆ ಅನ್ನೋದನ್ನು ಅದು ಕೇಳಿರಲೇ ಇಲ್ಲ.

ಹತ್ತನೇ ದಿನಕ್ಕೆ ಎದ್ದು ನಿಂತರೆ ತಲೆ ಸುತ್ತು. ಮಗು ಹಾಲು ಕುಡಿದ ಮೇಲೂ ಅಳುತ್ತಿತ್ತು. ದಿನಕ್ಕೆ ಏಳೆಂಟು ಬಟ್ಟೆ ಒದ್ದೆ ಮಾಡುತ್ತಿದ್ದವಳು ನಾಲ್ಕಕ್ಕೆ ಇಳಿದಿದ್ದಳು. ಆರಕ್ಕಿಂತ ಕಡಿಮೆಯಾದರೆ ಹಾಲು ಸಾಲುತ್ತಿಲ್ಲ ಅಂತ ಅನುಮಾನಪಡಬೇಕು. ಡಾಕ್ಟರ್ ಹತ್ತಿರ ತೂಗಿಸಿದಾಗ ಅವಳ ತೂಕ ಏರಿದ್ದೂ ತೀರಾ ಕಡಿಮೆ. ಅವತ್ತೇ ಡಯಟ್ ಬಿಟ್ಟೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಲೆಕ್ಕ ನೋಡಿ. ಜಾಸ್ತಿ ಓಡಾಟವಿಲ್ಲದ ಹೆಂಗಸಿಗೆ ದಿನಕ್ಕೆ ಸುಮಾರು 1660 ಕ್ಯಾಲರಿ ಬೇಕು. ಮೊದಲ ಆರು ತಿಂಗಳು ಹಾಲುಣಿಸುವವಳಿಗೆ ಅದರ ಮೇಲೆ ಇನ್ನೂ 600. ಪ್ರೋಟೀನ್ 46 ಗ್ರಾಂ ಇದ್ದದ್ದು ಸುಮಾರು 63 ಆಗುತ್ತದೆ. ನಾನು ಅರ್ಧಕ್ಕೆ ಹತ್ತಿರ ತಿನ್ನುತ್ತಿದ್ದೆ!

ನಮ್ಮ ಬಾಣಂತಿ ಊಟದಲ್ಲಿ ತುಪ್ಪ, ಅಂಟಿನುಂಡೆಯಿಂದ ಕ್ಯಾಲರಿ ಸುಲಭವಾಗಿ ಬರುತ್ತದೆ. ಕೊರತೆ ಬೀಳೋದು ಪ್ರೋಟೀನಿಗೆ. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ ಮೆಣಸಿನ ಸಾರು, ರಾತ್ರಿ ಮುದ್ದೆ ಸೊಪ್ಪಿನ ಸಾರು. ಎಲ್ಲ ಕೂಡಿಸಿದರೆ 30 ಗ್ರಾಂ ದಾಟುವುದೇ ಕಷ್ಟ. ನಾನು ಊಟ ಬದಲಿಸಲಿಲ್ಲ, ಜೊತೆಗೆ ಸೇರಿಸಿದೆ. ಎರಡು ಮೊಟ್ಟೆಗೆ 12 ಗ್ರಾಂ, ಎರಡು ಲೋಟ ಹಾಲಿಗೆ 12, ಒಂದು ಹಿಡಿ ಹುರಿದ ಕಡ್ಲೆಬೀಜಕ್ಕೆ 7. ಸಂಜೆ ಹೆಸರುಕಾಳಿನ ಉಸ್ಲಿ. ಮೊಟ್ಟೆ ತಿನ್ನದವರು ಪನೀರ್, ಗಟ್ಟಿ ತೊವ್ವೆ ಹೆಚ್ಚಿಸಬಹುದು. ಸಂಜೆ ಉಸ್ಲಿ ತಿಂದ ದಿನ ರಾತ್ರಿ ಬಿಸ್ಕತ್ ಡಬ್ಬಕ್ಕೆ ಕೈ ಹೋಗುತ್ತಿರಲಿಲ್ಲ. ಮೊದಲ ವಾರವೇ ಇದು ಗೊತ್ತಾಯಿತು.

ನೀರಿನ ವಿಷಯಕ್ಕೆ ಅಮ್ಮನ ಜೊತೆ ದಿನಾ ವಾದ. "ನೀರು ಜಾಸ್ತಿ ಕುಡಿಬೇಡ ಕಣೇ, ಹೊಟ್ಟೆ ಬರುತ್ತೆ" ಅನ್ನುತ್ತಿದ್ದರು. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ, ಅಲ್ವಾ? ಹಾಗಂತ ಲೀಟರುಗಟ್ಟಲೆ ಕುಡಿದರೆ ಹಾಲು ಹೆಚ್ಚೋದಿಲ್ಲ. ಬಾಯಾರಿದಾಗೆಲ್ಲ ಕುಡಿಯಬೇಕು, ಮೂತ್ರ ಗಾಢ ಹಳದಿ ಆದರೆ ಇನ್ನಷ್ಟು. ಮಗು ಎದೆ ಕಚ್ಚಿದ ತಕ್ಷಣ ನನಗೆ ಗಂಟಲು ಒಣಗುತ್ತಿತ್ತು. ಅದಕ್ಕೆ ಕೂರುವ ಮೊದಲೇ ಪಕ್ಕದಲ್ಲಿ ಬಿಸಿನೀರಿನ ಚೊಂಬು ಇಟ್ಟುಕೊಳ್ಳುತ್ತಿದ್ದೆ. ಬಿಸಿನೀರು ಅಂದಮೇಲೆ ಅಮ್ಮನೂ ಒಪ್ಪಿದರು. ಆಮೇಲೆ ಚೊಂಬು ತುಂಬಿಸಿ ಇಡುತ್ತಿದ್ದವರು ಅವರೇ.

ತೂಕ? ಬಸುರಿಯಲ್ಲಿ ಮೈ ಕೂಡಿಟ್ಟ ಕೊಬ್ಬೂ ಹಾಲಿಗೆ ಕರಗುತ್ತದೆ, ಆದರೆ ನಿಧಾನವಾಗಿ. ನನಗೆ ತಿಂಗಳಿಗೆ ಒಂದು ಕೆಜಿ ಇಳಿಯಿತು. ಐದನೇ ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಆಗ ಊಟ ಕಡಿಮೆ ಮಾಡಲಿಲ್ಲ, ಸಂಜೆ ಮಗುವನ್ನು ಎತ್ತಿಕೊಂಡು ಅರ್ಧ ಗಂಟೆ ನಡೆದೆ. ಮಗಳ ಮೊದಲ ಹುಟ್ಟುಹಬ್ಬಕ್ಕೆ 59 ಕೆಜಿ. ಹಳೇ ಕುರ್ತಾಗಳಲ್ಲಿ ಎರಡು ಆಗುತ್ತವೆ, ಉಳಿದವು ಇನ್ನೂ ಬೀರುವಿನಲ್ಲಿವೆ.