ಸಿಂಧನೂರಿನ ಮಕ್ಕಳ ಕ್ಲಿನಿಕ್‌ಗೆ ಯೂಟ್ಯೂಬ್ ಚಾನೆಲ್ ಬೇಕೇ?

ಪರ: ಕಲಿಸುವುದು ಬೇರೆ, ಕರೆಯುವುದು ಬೇರೆ

ಏಪ್ರಿಲ್ ಬಿಸಿಲು ಏರಿತೆಂದರೆ ನಮ್ಮ ಒಪಿಡಿಯಲ್ಲಿ ಭೇದಿಯಾದ ಮಕ್ಕಳದೇ ಸಾಲು. ಹೋದ ವರ್ಷ ಒಬ್ಬ ತಾಯಿ ಹೇಳಿದ್ದು: "ಒಂದ್ ಗ್ಲಾಸಿಗೆ ಪೂರಾ ಪ್ಯಾಕೆಟ್ ಹಾಕೀನ್ರಿ ಸರ್, ಜಲ್ದಿ ಕಡಿಮಿ ಆಗ್ಲಿ ಅಂತ." ಒಂದು ಲೀಟರಿಗೆ ಕಲಸಬೇಕಾದ ಒಆರ್‌ಎಸ್ ಅದು. ಅಷ್ಟು ಗಟ್ಟಿಯಾಗಿ ಕುಡಿಸಿದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಅಪಾಯದ ಮಟ್ಟಕ್ಕೆ ಏರಬಹುದು. ಆಕೆಯದು ತಪ್ಪಲ್ಲ. ಅಂಗಡಿಯಲ್ಲಿ ಲೀಟರಿಗೆ ಹಾಕುವ ದೊಡ್ಡ ಪ್ಯಾಕೆಟ್ಟೂ ಸಿಗುತ್ತದೆ, 200 ಮಿಲಿಗೆ ಹಾಕುವ ಸಣ್ಣದೂ ಸಿಗುತ್ತದೆ. ಒಪಿಡಿಯ ಗದ್ದಲದಲ್ಲಿ ಎರಡು ನಿಮಿಷ ಹೇಳಿದ್ದು ಬಸ್ ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ.

ನಮ್ಮ ಮೊದಲ ವಿಡಿಯೊ ಇದರ ಮೇಲೆಯೇ. ನಾಲ್ಕು ನಿಮಿಷ, ಮನೆಮನೆಯಲ್ಲಿರುವ ಲೀಟರ್ ನೀರಿನ ಬಾಟಲಿ, ಎರಡೂ ಬಗೆಯ ಪ್ಯಾಕೆಟ್. ಕುದಿಸಿ ಆರಿಸಿದ ನೀರು, ಕಲಸಿದ್ದು 24 ತಾಸಿನೊಳಗೆ ಮುಗಿಯದಿದ್ದರೆ ಚೆಲ್ಲುವುದು, ಪ್ರತಿ ಭೇದಿಗೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಚಮಚದಲ್ಲಿ. ಕೊನೆಗೆ ಅಪಾಯದ ಗುರುತುಗಳು: ಕಣ್ಣು ಒಳಗೆ ಹೋಗುವುದು, ಉಚ್ಚೆ ಕಡಿಮೆಯಾಗುವುದು, ಭೇದಿಯಲ್ಲಿ ರಕ್ತ, ಕುಡಿಸಿದ್ದೆಲ್ಲ ವಾಂತಿ. ಆಗ "ಹತ್ತಿರದ ಆಸ್ಪತ್ರೆಗೆ ಹೋಗಿ" ಎಂದಿದ್ದೇನೆ, "ನಮ್ಮಲ್ಲಿಗೆ ಬನ್ನಿ" ಎಂದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಚಾನೆಲ್ಲಿನ ನೀತಿ ಈ ಒಂದು ವಾಕ್ಯದಲ್ಲಿದೆ.

2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳು ರೋಗಿಗಳನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಸೆಳೆಯುವುದನ್ನು ನಿಷೇಧಿಸುತ್ತವೆ. ಅವೇ ನಿಯಮಗಳು ಸಾರ್ವಜನಿಕ ಆರೋಗ್ಯದ ಬಗ್ಗೆ ವೈದ್ಯರು ಸ್ವಂತ ಹೆಸರಿನಲ್ಲಿ ಬರೆಯಬಹುದು, ರೇಡಿಯೊ, ಟಿವಿಯಲ್ಲಿ ಮಾತಾಡಬಹುದು ಎಂದೂ ಹೇಳುತ್ತವೆ. ಹಾಗಾಗಿ ವಿವರಣೆಯಲ್ಲಿ ನನ್ನ ಹೆಸರು, ನೋಂದಣಿ ಸಂಖ್ಯೆ ಇವೆ. ಫೋನ್ ನಂಬರ್, ರಿಯಾಯಿತಿ, "ನಂಬರ್ ಒನ್" ಯಾವುದೂ ಇಲ್ಲ. ಕಾಮೆಂಟ್ ಬಂದ್.

ವೀಕ್ಷಣೆ ಸಾವಿರ ದಾಟಲಿಲ್ಲ. ದಾಟಲೆಂದು ಮಾಡಿದ್ದೂ ಅಲ್ಲ. ಚೀಟಿ ಬರೆದ ಮೇಲೆ ನರ್ಸ್ ಅದರ ಲಿಂಕನ್ನು ತಾಯಿಯ ಫೋನಿಗೆ ಕಳಿಸುತ್ತಾರೆ. ಎಷ್ಟು ಹೊತ್ತು ನೋಡಿದರು ಎಂಬ ಗ್ರಾಫ್ ಕಲಸುವ ಜಾಗದಲ್ಲಿ ಗುಡ್ಡದಂತೆ ಏರಿದೆ, ಅಂದರೆ ಹಿಂದಕ್ಕೆ ಹೋಗಿ ಮತ್ತೆ ನೋಡುತ್ತಿದ್ದಾರೆ. ನನಗೆ ಬೇಕಿದ್ದ ಪುರಾವೆ ಅದೇ. ಹೈದರಾಬಾದಿನ ಮಕ್ಕಳ ತಜ್ಞೆ ಶಿವರಂಜನಿ ಸಂತೋಷ್ ಒಆರ್‌ಎಸ್ ಹೆಸರು ಹೊತ್ತ ಸಿಹಿ ಪಾನೀಯಗಳ ವಿರುದ್ಧ ವರ್ಷಗಟ್ಟಲೆ ವಿಡಿಯೊ ಮಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದು ಆದೇಶಿಸಿತು. ವೈದ್ಯರು ಕ್ಯಾಮೆರಾ ಮುಂದೆ ನಿಂತರೆ ಇಷ್ಟಾದರೂ ಆಗುತ್ತದೆ.

ವಿರೋಧ: ಚಾನೆಲ್ಲಿಗೆ ಹೊಟ್ಟೆ ದೊಡ್ಡದು

ಒಆರ್‌ಎಸ್ ವಿಡಿಯೊ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಏಳನೆಯ ವಿಡಿಯೊ ಬಗ್ಗೆ. ರಾಯಚೂರಿನಲ್ಲಿ ನಾನೂ ಎಂಟು ತಿಂಗಳು ಚಾನೆಲ್ ನಡೆಸಿದವನು. ಕಲಿಸುವ ವಿಷಯ ಐದಾರಕ್ಕೆ ಮುಗಿಯಿತು. ಆಮೇಲೆ ಎಡಿಟಿಂಗ್ ಹುಡುಗ ಶುರುಮಾಡಿದ: "ಸರ್, ಪೇಷಂಟ್ ಬೈಟ್ ಒಂದು ಹಾಕೋಣ್ರಿ."

ಕ್ಯಾಮೆರಾ ಮುಂದೆ ನಾಲ್ಕು ಮಾತಾಡುತ್ತೀಯಾ ಎಂದು ಒಬ್ಬ ತಾಯಿಯನ್ನು ಕೇಳಿದೆ. ಮಗುವಿನ ಕೈಗೆ ಇನ್ನೂ ಸಲೈನ್ ಇತ್ತು. ಆಕೆ ತಟ್ಟನೆ "ಆಗ್ಲಿ ಸರ್" ಎಂದಳು, ಸಹಿಯನ್ನೂ ಹಾಕಿದಳು. ಆ ಹೊತ್ತಿನಲ್ಲಿ ನಾನು ಮನೆ ಪತ್ರಕ್ಕೆ ಸಹಿ ಕೇಳಿದ್ದರೂ ಹಾಕುತ್ತಿದ್ದಳೇನೋ. ಇದನ್ನು ಒಪ್ಪಿಗೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಮುಖ ಮಸುಕು ಮಾಡಿದರಾಯಿತು ಎಂದ ಹುಡುಗ. ಸಿಂಧನೂರು ಸುತ್ತಿನ ಕ್ಯಾಂಪುಗಳೆಂದರೆ ವಲಸೆ ಬಂದವರ ಸಣ್ಣ ಊರುಗಳು, ಅಲ್ಲಿ ದನಿ ಕೇಳಿದರೆ ಸಾಕು, ಯಾರ ಸೊಸೆ, ಯಾರ ಮೊಮ್ಮಗ ಎಲ್ಲ ಗೊತ್ತಾಗುತ್ತದೆ. ಗುರುತು ಹತ್ತುವಂತಿದ್ದರೆ ಅನುಮತಿಯಿಲ್ಲದೆ ರೋಗಿಯ ಫೋಟೊ, ವಿವರ ಪ್ರಕಟಿಸಬಾರದೆಂದು 2002ರ ನಿಯಮಗಳೇ ಹೇಳುತ್ತವೆ. ರೋಗಿಗಳ ಹೊಗಳಿಕೆಯ ವಿಡಿಯೊಗಳನ್ನು ತಡೆಯುವ ಸ್ಪಷ್ಟ ನಿಯಮ 2023ರ ಆಗಸ್ಟಿನಲ್ಲಿ ಬಂತು, ಅದೇ ತಿಂಗಳು ಇಡೀ ನಿಯಮಾವಳಿಯನ್ನೇ ತಡೆಹಿಡಿದರು. ಪ್ರಚಾರ ಕಂಪನಿಯವರು ಈ ಸಂದಿಯನ್ನೇ ತೋರಿಸಿ "ಎಲ್ಲರೂ ಹಾಕ್ತಾರ್ರೀ" ಎನ್ನುತ್ತಾರೆ.

ಕಾಮೆಂಟ್ ಬಂದ್ ಮಾಡಿದರೂ ಪ್ರಶ್ನೆ ನಿಲ್ಲುವುದಿಲ್ಲ, ಕ್ಲಿನಿಕ್ಕಿನ ವಾಟ್ಸ್ಆ್ಯಪ್‌ಗೆ ಹರಿದು ಬರುತ್ತವೆ. "ಮಗು ಎಂಟು ಕೆಜಿ, ಸಿರಪ್ ಎಷ್ಟು ಹಾಕ್ಲಿ?" 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ರೋಗಿ ಯಾರು, ವಯಸ್ಸೆಷ್ಟು ಎಂದು ಖಚಿತಪಡಿಸಿಕೊಂಡು, ದಾಖಲೆ ಇಟ್ಟು ಸಲಹೆ ಕೊಡಬೇಕು. ಉತ್ತರಿಸಿದರೆ ಹೊಣೆ ನನ್ನ ತಲೆಗೆ, ಸುಮ್ಮನಿದ್ದರೆ ರಾತ್ರಿ ನಿದ್ದೆ ಇಲ್ಲ.

ಇನ್ನೊಂದು, ಗೆಳೆಯರು ಗಮನಿಸಿಲ್ಲ ಅನಿಸುತ್ತದೆ. ಚಾನೆಲ್ ಒಂದು ಪೈಸೆ ಗಳಿಸದಿದ್ದರೂ ಯೂಟ್ಯೂಬ್ ಅದರ ವಿಡಿಯೊಗಳ ಮೇಲೆ ಜಾಹೀರಾತು ತೋರಿಸಬಹುದು. ಒಆರ್‌ಎಸ್ ಪಾಠಕ್ಕೆ ಮುಂಚೆ ಯಾವುದೋ ಸಿಹಿ ಪಾನೀಯ ಬಂದರೆ, ಅದನ್ನೂ ಡಾಕ್ಟರೇ ಹೇಳಿದರು ಎಂದುಕೊಳ್ಳುವ ಅಜ್ಜಿಯರನ್ನು ನಾನು ನೋಡಿದ್ದೇನೆ.

ನಾನು ಚಾನೆಲ್ ಮುಚ್ಚಿದೆ, ವಿಡಿಯೊ ಬಿಡಲಿಲ್ಲ. ಒಂದೂವರೆ ನಿಮಿಷದ ಫೈಲನ್ನೇ ನರ್ಸ್ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ತೆಲುಗಿನಲ್ಲೊಂದು, ಕನ್ನಡದಲ್ಲೊಂದು. ಗ್ರಾಫ್ ಇಲ್ಲ. ಮರುದಿನ ಬಾಟಲಿ ಹಿಡಿದು ಬಂದ ತಾಯಿಗೆ "ಎಷ್ಟು ನೀರಿಗೆ ಕಲಸಿದ್ಯವ್ವಾ?" ಎಂದು ಕೇಳುತ್ತೇನೆ.